ಗೆಳೆಯನ ಮನೆಯಲ್ಲಿ ಸಾವಾದಾಗ ಫೋನಿನಲ್ಲಿ ಏನು ಮಾತನಾಡಬೇಕು

ರಾಯಚೂರು, ಕೊಪ್ಪಳ, ಬಳ್ಳಾರಿಯ ಹಳ್ಳಿಗಳಲ್ಲಿ ಬೆಳಿಗ್ಗೆ ಯಾರಾದರೂ ತೀರಿಕೊಂಡರೆ ಹೆಚ್ಚಿನ ಮನೆಗಳಲ್ಲಿ ಅದೇ ದಿನ ಸಂಜೆಯೊಳಗೆ ಮಣ್ಣು ಆಗಿಬಿಡುತ್ತದೆ. ಬಿಸಿಲು ಹೆಚ್ಚು, ದೇಹವನ್ನು ಬಹಳ ಹೊತ್ತು ಇಡಲಾಗುವುದಿಲ್ಲ, ದೂರದ ಬಂಧುಗಳಿಗಾಗಿ ಕಾಯುವುದಕ್ಕೂ ಒಂದು ಮಿತಿ ಇರುತ್ತದೆ. ಬೆಂಗಳೂರಿನಲ್ಲಿ, ಪುಣೆಯಲ್ಲಿ, ಕೊಲ್ಲಿ ದೇಶಗಳಲ್ಲಿ ದುಡಿಯುವ ಗೆಳೆಯರಿಗೆ ಸುದ್ದಿ ಮುಟ್ಟಿ, ಅವರು ರಜೆ ಕೇಳಿ, ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹತ್ತುವ ಹೊತ್ತಿಗೆ ಹೊಲದಲ್ಲಿ ಗುಣಿ ಮುಚ್ಚಿಯಾಗಿರುತ್ತದೆ. ಹೀಗೆ ಮಣ್ಣಿಗೆ ಹೋಗಲಾಗದವರಿಗೆ ಉಳಿಯುವುದು ಫೋನ್ ಒಂದೇ. ಆದರೆ ಫೋನ್ ಕೈಯಲ್ಲಿ ಹಿಡಿದ ಕ್ಷಣದಲ್ಲೇ ಬಾಯಿ ಕಟ್ಟುತ್ತದೆ, ನಾಳೆ ಮಾಡೋಣ ಎನ್ನಿಸುತ್ತದೆ, ನಾಳೆ ಎಂಬುದು ವಾರವಾಗುತ್ತದೆ. ಆ ಒಂದು ಕರೆಯನ್ನು ಹೇಗೆ ಮಾಡಬೇಕು, ಯಾವ ಮಾತಿನಿಂದ ಆರಂಭಿಸಬೇಕು, ಎಲ್ಲಿ ಸುಮ್ಮನಿರಬೇಕು, ಹೇಗೆ ಮುಗಿಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಇದಕ್ಕೆ ಮಾದರಿಯನ್ನು ಹುಡುಕಿಕೊಂಡು ಬೇರೆಲ್ಲೂ ಹೋಗಬೇಕಾಗಿಲ್ಲ. ಸಾವಾದ ಮನೆಗೆ ಮಾತಾಡಿಸಿಕೊಂಡು ಬರಲು ಹೋಗುವ ನಮ್ಮ ಹಿರಿಯರನ್ನು ಗಮನಿಸಿದರೆ ಸಾಕು. ಅವರು ಬಂದು ಪಡಸಾಲೆಯ ಜಮಖಾನೆಯ ಮೇಲೆ ಕುಳಿತುಕೊಳ್ಳುತ್ತಾರೆ. ಸ್ವಲ್ಪ ಹೊತ್ತು ಯಾರೂ ಮಾತನಾಡುವುದಿಲ್ಲ. ಆಮೇಲೆ ಒಬ್ಬರು ‘ಹೆಂಗಾತು?’ ಎಂದು ಕೇಳುತ್ತಾರೆ. ಮನೆಯವರು ಮೊದಲಿನಿಂದ ಎಲ್ಲವನ್ನೂ ಹೇಳುತ್ತಾರೆ. ಹಿಂದಿನ ರಾತ್ರಿ ಏನು ಉಂಡರು, ಬೆಳಿಗ್ಗೆ ಎಷ್ಟು ಹೊತ್ತಿಗೆ ಎದ್ದರು, ಕೊನೆಯಲ್ಲಿ ಏನು ಅಂದರು. ಬಂದವರು ತಲೆಯಾಡಿಸುತ್ತಾರೆ, ನಡುವೆ ‘ಒಳ್ಳೆ ಮನುಷ್ಯ’ ಎಂದೋ, ತಮಗೆ ಅವರು ಮಾಡಿದ್ದ ಒಂದು ಉಪಕಾರವನ್ನೋ ನೆನೆಯುತ್ತಾರೆ, ಎದ್ದು ಹೋಗುತ್ತಾರೆ. ಹೊಸಬರು ಬಂದರೆ ಮನೆಯವರು ಮತ್ತೆ ಅದನ್ನೇ ಮೊದಲಿನಿಂದ ಹೇಳುತ್ತಾರೆ. ಇಲ್ಲಿ ಯಾರೂ ದುಃಖವನ್ನು ಕಡಿಮೆ ಮಾಡುವ ಮಾತನ್ನು ಹುಡುಕುತ್ತಿಲ್ಲ. ನಡೆದದ್ದನ್ನು ಹತ್ತಾರು ಸಲ ಹೇಳುತ್ತ ಹೇಳುತ್ತ, ಅದು ನಿಜವಾಗಿಯೂ ನಡೆಯಿತೆಂಬುದನ್ನು ಮನೆಯವರ ಮನಸ್ಸು ನಿಧಾನವಾಗಿ ಒಪ್ಪಿಕೊಳ್ಳುತ್ತದೆ. ಫೋನಿನಲ್ಲಿ ನಾವು ಮಾಡಬೇಕಾದ ಕೆಲಸವೂ ಇಷ್ಟೇ. ಸಮಾಧಾನದ ಮಾತು ಹೊಳೆಯಲಿಲ್ಲವೆಂದು ಫೋನ್ ಮಾಡದೇ ಉಳಿಯುವವರು, ತಮ್ಮಿಂದ ಯಾರೂ ಕೇಳದ ಕೆಲಸವನ್ನು ಮೈಮೇಲೆ ಎಳೆದುಕೊಂಡಿರುತ್ತಾರೆ.

ಮಾತು ಖಚಿತವಾಗಿರಲೆಂದು ಒಂದು ಸಂದರ್ಭವನ್ನು ಇಟ್ಟುಕೊಳ್ಳೋಣ. ಗೆಳೆಯನದು ಸಿಂಧನೂರು ಕಡೆಯ ಒಂದು ಹಳ್ಳಿ, ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆ. ನವೆಂಬರ್ ತಿಂಗಳು, ಕೊಯ್ಲು ಹತ್ತಿರ ಬಂದಿದೆ. ನಸುಕಿನಲ್ಲಿ ಅವನ ತಂದೆಗೆ ಎದೆನೋವು ಬಂತು. ಊರಿನ ವೈದ್ಯರಿಗೆ ತೋರಿಸಿ, ಅವರು ಬಳ್ಳಾರಿಗೆ ಒಯ್ಯಿರಿ ಎಂದಮೇಲೆ ಕಾರು ಹೊರಟಿತು, ಸಿರುಗುಪ್ಪ ದಾಟುವುದರೊಳಗೆ ಜೀವ ಹೋಯಿತು. ಸಂಜೆ ಸ್ವಂತ ಹೊಲದಲ್ಲಿಯೇ ಮಣ್ಣು ಆಯಿತು. ನೀವು ಬೆಂಗಳೂರಿನಲ್ಲಿದ್ದೀರಿ. ಗೆಳೆಯನ ತಂದೆಯನ್ನು ಚಿಕ್ಕಂದಿನಿಂದ ‘ಕಾಕಾ’ ಎಂದು ಕರೆಯುತ್ತಿದ್ದಿರಿ.

ಫೋನ್ ಮಾಡುವ ಮೊದಲು

ಸುದ್ದಿಯ ವಿವರವನ್ನು ಮೊದಲು ಬೇರೊಬ್ಬರಿಂದ ತಿಳಿದುಕೊಳ್ಳಿ. ಯಾರು ತೀರಿಕೊಂಡರು, ಸುಮಾರಾಗಿ ಹೇಗೆ, ಮಣ್ಣು ಎಷ್ಟು ಹೊತ್ತಿಗೆ ಎಂಬಿಷ್ಟನ್ನು ಊರಿನ ಇನ್ನೊಬ್ಬ ಗೆಳೆಯನಿಂದಲೋ, ಅವನ ಅಳಿಯನಿಂದಲೋ ಕೇಳಿಕೊಂಡರೆ, ‘ಅಪ್ಪ ಹೋದ್ರಾ, ಅವ್ವ ಹೋದ್ರಾ?’ ಎಂಬ ಗೊಂದಲದ ಪ್ರಶ್ನೆ ನಿಮ್ಮ ಬಾಯಿಂದ ಬರುವುದಿಲ್ಲ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಸುದ್ದಿಯನ್ನು ಮಾತ್ರ ನಂಬಿ ಫೋನ್ ಮಾಡಬೇಡಿ. ಅಲ್ಲಿ ಸಂಬಂಧಗಳು ಅದಲುಬದಲಾಗಿರುವುದುಂಟು.

ದೇಹ ಮನೆಯ ಮುಂದಿರುವಾಗ, ಅಂದರೆ ಬೆಳಗಿನಿಂದ ಮಣ್ಣಾಗುವವರೆಗೆ, ಫೋನ್ ಮಾಡದಿರುವುದು ಒಳ್ಳೆಯದು. ಆ ಹೊತ್ತಿನಲ್ಲಿ ಹಿರಿಯ ಮಗನ ಫೋನ್ ಯಾವುದೋ ಹುಡುಗನ ಕೈಯಲ್ಲಿರುತ್ತದೆ. ಬಂಧುಗಳಿಗೆ ದಾರಿ ಹೇಳುವುದು, ಗುಣಿ ತೆಗೆಯುವವರನ್ನು, ಹೂವಿನವರನ್ನು, ಭಜನೆಯವರನ್ನು ಕರೆಸುವುದು ಎಲ್ಲವೂ ಅದೇ ಫೋನಿನಿಂದ ಆಗುತ್ತಿರುತ್ತದೆ. ಆಗ ಒಂದು ಚಿಕ್ಕ ಸಂದೇಶ ಸಾಕು: ‘ಕಾಕಾ ಸುದ್ದಿ ಗೊತ್ತಾತು. ಮಣ್ಣಾದ ಮ್ಯಾಲೆ ಫೋನ್ ಮಾಡ್ತೀನಿ. ಇದಕ್ಕ ಉತ್ತರ ಕೊಡೋದು ಬ್ಯಾಡ.’ ಈ ಕೊನೆಯ ವಾಕ್ಯವನ್ನು ಬಿಡಬೇಡಿ. ಸಾವಿನ ಮನೆಯವರಿಗೆ ನೂರು ಜನರಿಗೆ ಉತ್ತರ ಕೊಡುವುದು ಒಂದು ಹೊರೆಯೇ ಆಗಿರುತ್ತದೆ.

ಮೊದಲ ಕರೆಗೆ ತಕ್ಕ ಹೊತ್ತು ಎಂದರೆ ಅಂದು ರಾತ್ರಿ ಎಲ್ಲರೂ ಸ್ನಾನ ಮಾಡಿ ಕುಳಿತ ಮೇಲೆ, ಇಲ್ಲವೇ ಮರುದಿನ ಮಧ್ಯಾಹ್ನ ಬಂಧುಗಳು ಅಡ್ಡಾಗಿರುವ ಹೊತ್ತಿನಲ್ಲಿ. ಎತ್ತದಿದ್ದರೆ ಮತ್ತೆ ಮತ್ತೆ ಮಾಡದೆ, ನಾಲ್ಕಾರು ತಾಸು ಬಿಟ್ಟು ಇನ್ನೊಮ್ಮೆ ಮಾಡಿ. ವಿಡಿಯೊ ಕರೆ ಬೇಡ. ಅತ್ತು ಬಾಡಿದ ಮುಖವನ್ನು ತೋರಿಸಬೇಕೆಂಬ ಒತ್ತಾಯ ಯಾರ ಮೇಲೂ ಬೀಳಬಾರದು. ಇಂಟರ್‌ನೆಟ್ ಮೂಲಕ ಮಾಡುವ ಕರೆಗಿಂತ ಸಾದಾ ಕರೆಯೇ ಮೇಲು, ಏಕೆಂದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ದನಿ ತುಂಡಾದರೆ ಅವನು ಅಳುತ್ತ ಹೇಳಿದ್ದನ್ನೇ ‘ಏನಂದಿ? ಕೇಳ್ಲಿಲ್ಲ’ ಎಂದು ಮತ್ತೆ ಹೇಳಿಸಬೇಕಾಗುತ್ತದೆ. ಗಾಡಿ ಓಡಿಸುತ್ತ, ಆಫೀಸಿನ ಕಾರಿಡಾರಿನಲ್ಲಿ ನಿಂತು ಈ ಕರೆ ಮಾಡಬಾರದು. ಬಾಗಿಲು ಹಾಕಿಕೊಂಡು ಕುಳಿತುಕೊಳ್ಳಿ. ಮೊದಲ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗೆ ಇಟ್ಟುಕೊಳ್ಳಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಗಂಟಲು ಕಟ್ಟಿದಾಗ ಕಣ್ಣಾದರೂ ದಾರಿ ತೋರಿಸುತ್ತದೆ.

ಮೊದಲ ವಾಕ್ಯ

ನಮ್ಮ ಕಡೆ ಫೋನ್ ಎತ್ತಿದ ಕೂಡಲೇ ಬಾಯಿಗೆ ಬರುವ ಮಾತು ‘ಆರಾಮ?’ ಎಂಬುದು. ವರ್ಷಗಳ ರೂಢಿಯಿಂದ ಅದು ತಾನಾಗಿಯೇ ಬಂದುಬಿಡುತ್ತದೆ, ಗೆಳೆಯನೂ ರೂಢಿಯಿಂದಲೇ ‘ಹೂಂ, ಆರಾಮ’ ಎಂದುಬಿಡುತ್ತಾನೆ, ಆಮೇಲೆ ಇಬ್ಬರಿಗೂ ಮುಂದೆ ಹೋಗಲು ದಾರಿ ಇರುವುದಿಲ್ಲ. ಚೀಟಿ ಬರೆದುಕೊಳ್ಳಬೇಕೆಂದು ನಾನು ಹೇಳಿದ್ದು ಮುಖ್ಯವಾಗಿ ಈ ಕಾರಣಕ್ಕೆ. ‘ಹೆಂಗದಿ?’ ಎಂಬ ಪ್ರಶ್ನೆಯೂ ಅಷ್ಟೇ. ಅದಕ್ಕೆ ಆ ದಿನ ಅವನ ಬಳಿ ಉತ್ತರವಿಲ್ಲ.

ಮೊದಲ ಮಾತಿನಲ್ಲಿ ಮೂರು ಸಂಗತಿಗಳಿದ್ದರೆ ಸಾಕು. ತೀರಿಕೊಂಡವರನ್ನು ನೀವು ಯಾವ ಹೆಸರಿನಿಂದ ಕರೆಯುತ್ತಿದ್ದಿರೋ ಅದೇ ಹೆಸರು, ನಿಮಗೂ ಮಾತು ತೋಚುತ್ತಿಲ್ಲವೆಂಬ ಸತ್ಯ, ಮತ್ತು ಅವನಿಗಾಗಿಯೇ ಫೋನ್ ಮಾಡಿದ್ದೀರಿ ಎಂಬ ಮಾತು. ನಮ್ಮ ಸಂದರ್ಭದಲ್ಲಿ ಅದು ಹೀಗಿರಬಹುದು:

‘ದೋಸ್ತ, ನಾನು. ಕಾಕಾ ಹೋದ ಸುದ್ದಿ ಕೇಳಿದೆ. ಏನ್ ಮಾತಾಡ್ಬೇಕು ನನಗೂ ತಿಳಿವಲ್ದು. ನಿನ್ನ ಜೋಡಿ ಇರ್ಬೇಕನಿಸ್ತು, ಅದಕ್ಕ ಫೋನ್ ಮಾಡಿದೆ.’

ಇಲ್ಲಿಗೆ ನಿಲ್ಲಿಸಿ. ಮಾತು ಬರುತ್ತಿಲ್ಲ ಎಂದು ಒಪ್ಪಿಕೊಂಡ ಮೇಲೆ ಮಾತು ಬಾರದಿರುವುದು ತೊಡಕಾಗಿ ಉಳಿಯುವುದಿಲ್ಲ. ಗೆಳತಿಗಾದರೆ ‘ಅಕ್ಕಾ’ ಅಥವಾ ನೀವು ಕರೆಯುವ ಹೆಸರು, ವಯಸ್ಸಿನಲ್ಲಿ ಹಿರಿಯರಾದ ಗೆಳೆಯರಿಗಾದರೆ ‘ಅಣ್ಣಾ, ಸುದ್ದಿ ಕೇಳಿದೆ ರೀ’ ಎಂಬ ಗೌರವದ ರೂಪ. ದಿನವೂ ಬಳಸುವ ಸಂಬೋಧನೆಯನ್ನು ಅಂದು ಬದಲಿಸಬೇಡಿ. ‘ಲೇ’ ಎಂದು ಕರೆಯುವ ಗೆಳೆಯನನ್ನು ಏಕಾಏಕಿ ‘ನೀವು’ ಎಂದರೆ ನೀವು ದೂರ ಸರಿದಂತೆ ಅವನಿಗೆ ಕೇಳಿಸುತ್ತದೆ.

ಬರಲಾಗಲಿಲ್ಲ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ: ‘ಮಣ್ಣಿಗೆ ಬರಾಕ ಆಗಲಿಲ್ಲ, ಆ ನೋವು ನನಗೈತಿ.’ ರಜೆ ಸಿಗಲಿಲ್ಲ, ಬಸ್ಸಿನಲ್ಲಿ ಸೀಟಿರಲಿಲ್ಲ, ಮಗುವಿಗೆ ಜ್ವರ ಎಂಬ ಕಾರಣಗಳನ್ನು ಬಿಡಿಸಿ ಹೇಳತೊಡಗಿದರೆ, ಅವನು ‘ಇರ್ಲಿ ಬಿಡು, ಏನ್ ಮಾಡಾಕ ಆಗ್ತದ’ ಎಂದು ನಿಮ್ಮನ್ನೇ ಸಮಾಧಾನ ಮಾಡಬೇಕಾಗುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞೆ ಸೂಸನ್ ಸಿಲ್ಕ್ ಮತ್ತು ಬ್ಯಾರಿ ಗೋಲ್ಡ್‌ಮನ್ 2013ರಲ್ಲಿ ಒಂದು ಪತ್ರಿಕಾ ಲೇಖನದಲ್ಲಿ ಇದಕ್ಕೊಂದು ಸರಳ ನಿಯಮ ಕೊಟ್ಟರು. ನೋವಿನ ಕೇಂದ್ರದಲ್ಲಿರುವವರ ಸುತ್ತ ಉಂಗುರ ಉಂಗುರವಾಗಿ ವೃತ್ತಗಳನ್ನು ಬರೆಯಿರಿ: ಒಳಗಿನ ವೃತ್ತದಲ್ಲಿ ಹೆಂಡತಿ ಮಕ್ಕಳು, ಅದರಾಚೆ ಅಣ್ಣತಮ್ಮಂದಿರು, ಅದರಾಚೆ ಗೆಳೆಯರು. ನಿಮಗಿಂತ ಒಳಗಿರುವವರಿಗೆ ಆಸರೆಯನ್ನು ಮಾತ್ರ ಕೊಡಿ. ನಿಮ್ಮ ಸಂಕಟ, ತಪ್ಪಿನ ಭಾವನೆ, ಅಳಲು ಏನಿದ್ದರೂ ನಿಮಗಿಂತ ಹೊರಗಿರುವವರ ಮುಂದೆ ಹೇಳಿಕೊಳ್ಳಿ ಎಂಬುದು ಆ ನಿಯಮ. ಮಣ್ಣಿಗೆ ಹೋಗಲಾಗದ ನಿಮ್ಮ ಸಂಕಟ ನಿಜವೇ, ಅದನ್ನು ನಿಮ್ಮ ಮನೆಯವರ ಮುಂದೆ ಹೇಳಿಕೊಳ್ಳಿ.

ಒಂದು ಪ್ರಶ್ನೆ, ಆಮೇಲೆ ಕೇಳುವುದು

ಈಗ ಹಿರಿಯರು ಕೇಳುವ ಪ್ರಶ್ನೆಯನ್ನೇ ಕೇಳಿ, ಆದರೆ ಹೇಳದಿರುವ ಸ್ವಾತಂತ್ರ್ಯವನ್ನು ಜೊತೆಗಿಡಿ: ‘ಹೆಂಗಾತು ದೋಸ್ತ? ಹೇಳ್ಬೇಕನಿಸಿದ್ರ ಹೇಳು.’ ವಿವರ ನಿಮಗೆ ಮೊದಲೇ ಗೊತ್ತಿದ್ದರೂ ‘ಗೊತ್ತಾತು, ಗೊತ್ತಾತು’ ಎಂದು ಅವನ ಮಾತನ್ನು ಮೊಟಕು ಮಾಡಬೇಡಿ. ಅವನು ಹೇಳಲು ತೊಡಗಿದರೆ ಕರೆಯ ಬಹುಪಾಲು ಹೊತ್ತು ಅದರಲ್ಲೇ ಹೋಗುತ್ತದೆ, ಹಾಗೆ ಹೋಗಲು ಬಿಡಬೇಕು.

ಎದುರಿಗೆ ಕುಳಿತಿದ್ದರೆ ತಲೆಯಾಡಿಸಿದರೂ ಸಾಕು. ಫೋನಿನಲ್ಲಿ ಹಾಗಿಲ್ಲ, ನಿಮ್ಮ ಮೌನ ಅವನಿಗೆ ಕರೆ ಕಟ್ಟಾದಂತೆ ಕೇಳಿಸುತ್ತದೆ, ಅವನು ಕಣ್ಣೀರಿನ ನಡುವೆ ‘ಹಲೋ, ಹಲೋ’ ಎನ್ನಬೇಕಾಗುತ್ತದೆ. ಆದ್ದರಿಂದ ಅವನ ಪ್ರತಿ ವಾಕ್ಯದ ಕೊನೆಗೆ ಮೆಲ್ಲಗೆ ‘ಹೂಂ’ ಎನ್ನಿ. ಅವನು ಸುಮ್ಮನಾದರೆ ನಾಲ್ಕೈದು ಉಸಿರಿನಷ್ಟು ಕಾಲ ಬಿಟ್ಟು ‘ಅದೀನಿ’ ಎಂಬ ಒಂದು ಮಾತು ಸಾಕು. ಅಳತೊಡಗಿದರೆ ‘ಅಳಬ್ಯಾಡ’ ಎನ್ನದೆ, ‘ಅಳು, ನಾ ಇಡಂಗಿಲ್ಲ ಫೋನು’ ಎನ್ನಿ. ನಿಮಗೂ ಅಳು ಬಂದರೆ ತಡೆಯಬೇಕಾಗಿಲ್ಲ, ಆದರೆ ಅವನ ಅಳುವಿಗಿಂತ ನಿಮ್ಮದು ಜೋರಾಗುತ್ತಿದೆ ಎನ್ನಿಸಿದರೆ ಒಂದು ನಿಮಿಷ ಫೋನನ್ನು ಬಾಯಿಂದ ದೂರ ಹಿಡಿಯಿರಿ.

ಕಥನದ ಮಧ್ಯೆ ಒಂದು ಹಂತ ಬಹುತೇಕ ಬಂದೇ ಬರುತ್ತದೆ. ‘ರಾತ್ರಿನ ಎದಿ ಹಿಡಿದಂಗ ಆಗ್ತದ ಅಂದಿದ್ರು, ಗ್ಯಾಸ್ ಅಂತ ಸೋಡಾ ಕುಡಿಸಿದ್ವಿ. ಆವಾಗ್ಲೇ ಬಳ್ಳಾರಿಗೆ ಒಯ್ದಿದ್ರ ಉಳೀತಿದ್ರು.’ ಇದು ಕರೆಯ ಅತ್ಯಂತ ಕಷ್ಟದ ಘಳಿಗೆ, ಹೆಚ್ಚಿನ ತಪ್ಪುಗಳು ಇಲ್ಲಿಯೇ ಆಗುತ್ತವೆ. ಒಂದು ತಪ್ಪು, ವೈದ್ಯಕೀಯ ವಿಚಾರಣೆ: ಇಸಿಜಿ ಮಾಡಿಸಿರಲಿಲ್ಲವೇ, ಬಿಪಿ ಗುಳಿಗೆ ನುಂಗುತ್ತಿರಲಿಲ್ಲವೇ, ರಾಯಚೂರಿಗೆ ಒಯ್ಯಬಹುದಿತ್ತಲ್ಲ ಎಂದೆಲ್ಲ ಕೇಳುವುದು. ಕೇಳುವವರಿಗೆ ಅದು ಕಾಳಜಿ, ಕೇಳಿಸಿಕೊಳ್ಳುವವನಿಗೆ ಅದು ಆರೋಪ. ಅವನು ಆ ಪ್ರಶ್ನೆಗಳನ್ನು ಮುಂದೆ ತಿಂಗಳುಗಟ್ಟಲೆ ರಾತ್ರಿ ತನಗೆ ತಾನೇ ಕೇಳಿಕೊಳ್ಳುತ್ತಾನೆ. ಇನ್ನೊಂದು ತಪ್ಪು, ‘ಛೇ, ಹಂಗ್ಯಾಕ ಅಂತಿ, ನಿನ್ನ ತಪ್ಪೇನಿಲ್ಲ’ ಎಂದು ತಕ್ಷಣ ಬಾಗಿಲು ಮುಚ್ಚಿಬಿಡುವುದು. ಆ ಮಾತು ನಿಜವಿರಬಹುದು, ಆದರೆ ಹೇಳುವವನ ಮಾತು ಅಲ್ಲಿಗೆ ನಿಂತುಹೋಗುತ್ತದೆ, ತಪ್ಪಿನ ಭಾವನೆ ಮಾತ್ರ ಒಳಗೇ ಉಳಿಯುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ಎಂದರೆ, ಮೊದಲು ಆ ಯೋಚನೆಯನ್ನು ಕೇಳಿಸಿಕೊಂಡಿದ್ದೀರಿ ಎಂದು ತಿಳಿಸುವುದು, ಆಮೇಲೆ ಅವನು ನಿಜವಾಗಿ ಮಾಡಿದ್ದನ್ನು ಅವನ ಮಾತಿನಿಂದಲೇ ಎತ್ತಿ ಹೇಳುವುದು. ‘ಆ ರಾತ್ರಿದ ವಿಚಾರ ಮನಸ್ಸಿನ್ಯಾಗ ಕೊರಿಯಾಕತ್ತದ, ಹೌದಲ್ಲ? … ನೀನ ಅಂದಿ, ನಸುಕಿನ್ಯಾಗ ನೋವು ಅಂದ ಕೂಡ್ಲೆ ಗಾಡಿ ತಗದಿ ಅಂತ. ಗಾಡಿಯೊಳಗ ಅವರ ಕೈ ಹಿಡ್ಕೊಂಡು ಕುಂತಿದ್ದಿ.’ ಇಲ್ಲಿ ನೀವು ತೀರ್ಪು ಕೊಡುತ್ತಿಲ್ಲ, ನಡೆದದ್ದರಲ್ಲಿ ಅವನಿಗೆ ಈಗ ಕಾಣದ ಭಾಗವನ್ನು ಮಾತ್ರ ತೋರಿಸುತ್ತಿದ್ದೀರಿ. ಈ ಎರಡು ವಾಕ್ಯಗಳನ್ನು ಹೇಳಬೇಕಾದರೆ ಅವನ ಕಥನವನ್ನು ನಿಜವಾಗಿಯೂ ಗಮನವಿಟ್ಟು ಕೇಳಿರಬೇಕು. ಮೊದಲೇ ಸಿದ್ಧಮಾಡಿಟ್ಟುಕೊಳ್ಳಲಾಗದ ಮಾತುಗಳಿವು.

ಎಲ್ಲ ಸಾವುಗಳಿಗೂ ‘ಹೆಂಗಾತು?’ ಎಂಬ ಪ್ರಶ್ನೆ ಹೊಂದುವುದಿಲ್ಲ. ಆತ್ಮಹತ್ಯೆ, ಎಳೆಯ ಮಗುವಿನ ಸಾವು, ಜಗಳದಲ್ಲೋ ಅಪಘಾತದಲ್ಲೋ ಆದ ಸಾವು ಇವುಗಳಲ್ಲಿ ಮನೆಯವರು ಪೊಲೀಸರಿಗೂ ಊರಿನವರಿಗೂ ಅದೇ ಉತ್ತರ ಕೊಟ್ಟು ಬಳಲಿರುತ್ತಾರೆ. ಅಲ್ಲಿ ಸಾವಿನ ಬಗ್ಗೆ ಏನನ್ನೂ ಕೇಳದೆ, ಹೋದವರ ಬಗ್ಗೆ ಮಾತನಾಡಿ. ಮಗುವಿನ ಹೆಸರನ್ನು ಹಿಡಿದು ಹೇಳಿ. ಹೆಸರು ತೆಗೆದರೆ ತಾಯಿ ಅಳುತ್ತಾಳೆಂಬ ಹೆದರಿಕೆಯಿಂದ ಎಲ್ಲರೂ ಹೆಸರನ್ನು ನುಂಗಿಕೊಳ್ಳುತ್ತಾರೆ, ಆ ತಾಯಿಗೆ ತನ್ನ ಮಗುವನ್ನು ಊರೇ ಮರೆತಂತೆ ಕಾಣುತ್ತದೆ.

ತಾನಾಗಿ ಬಾಯಿಗೆ ಬರುವ ಮಾತುಗಳು

ಮಾತು ತೋಚದಾಗ ನಾವು ಕೇಳಿ ಕೇಳಿ ರೂಢಿಯಾದ ವಾಕ್ಯಗಳನ್ನು ಆಡಿಬಿಡುತ್ತೇವೆ. ‘ವಯಸ್ಸಾಗಿತ್ತು ಬಿಡು’, ‘ನರಳದಂಗ ಹೋದ್ರು, ಪುಣ್ಯವಂತರು’, ‘ಹುಟ್ಟಿದ ಮ್ಯಾಲೆ ಎಲ್ಲಾರೂ ಹೋಗೋರ’. ಇವುಗಳಲ್ಲಿ ಕೆಲವು ಸುಳ್ಳಲ್ಲ. ಎರಡನೆಯದನ್ನು ಮನೆಯವರೇ ಹೇಳಿಕೊಂಡರೆ ನೀವೂ ಹೌದೆನ್ನಬಹುದು. ತೊಂದರೆ ಏನೆಂದರೆ, ಹೊರಗಿನವರು ಮೊದಲು ಅಂದಾಗ ಅವು ‘ಇಷ್ಟು ದುಃಖಪಡುವ ಅಗತ್ಯವಿಲ್ಲ’ ಎಂಬ ವಾದವಾಗಿ ಕೇಳಿಸುತ್ತವೆ. ಎಪ್ಪತ್ತೈದರ ತಂದೆಯನ್ನು ಕಳೆದುಕೊಂಡವನಿಗೆ ಎಪ್ಪತ್ತೈದು ವರ್ಷದ ವೃದ್ಧ ಹೋಗಿಲ್ಲ, ಅಪ್ಪ ಹೋಗಿದ್ದಾನೆ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಹಿರಿಯ ಮಗನಿಗೆ ಎಲ್ಲರೂ ಹೇಳುವ ಒಂದು ಮಾತು: ‘ನೀನ ಹಿಂಗ ಕುಂತ್ರ ಅವ್ವನ್ನ ಯಾರು ನೋಡಬೇಕು? ಧೈರ್ಯ ತಗೋ.’ ಅವನು ಮಣ್ಣಿನ ದಿನವೇ ಅಳುವನ್ನು ಕಟ್ಟಿಟ್ಟು ಯಜಮಾನನಾಗಬೇಕಾಗುತ್ತದೆ. ಊರಿನಲ್ಲಿ ಅವನಿಗೆ ಈ ಮಾತು ಐವತ್ತು ಬಾರಿ ಕೇಳಿಸಿರುತ್ತದೆ. ದೂರದಿಂದ ಫೋನ್ ಮಾಡುವ ಗೆಳೆಯನ ಮುಂದೆಯಾದರೂ ಅವನು ಯಜಮಾನನಾಗದೆ ಇರಲು ಬಿಡಿ.

ಆಯಾ ಮನೆಯ ನಂಬಿಕೆಯ ಮಾತುಗಳು ಮಾತ್ರ ಬೇರೆ. ಲಿಂಗಾಯತ ಮನೆಯಲ್ಲಿ ‘ಲಿಂಗೈಕ್ಯರಾದರು’ ಎನ್ನುತ್ತಾರೆ. ಮುಸ್ಲಿಂ ಗೆಳೆಯನ ಮನೆಯಲ್ಲಿ ‘ಅಲ್ಲಾಹ್ ಸಬರ್ ಕೊಡಲಿ’ ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ಇವು ವಾದಗಳಲ್ಲ, ಆ ಮನೆಯ ಗೌರವದ ರೀತಿ. ಗೆಳೆಯನ ಮನೆಯ ಮಾತನ್ನು ಅವನ ಮನೆಯವರಂತೆಯೇ ಆಡಿದರೆ ಅದು ಹತ್ತಿರದ ಮಾತಾಗುತ್ತದೆ. ನಿಮ್ಮ ನಂಬಿಕೆಯನ್ನೋ, ನಂಬಿಕೆ ಇಲ್ಲದಿರುವುದನ್ನೋ ಅಲ್ಲಿ ತರಬೇಡಿ.

ಓದಿಕೊಂಡವರು ಮಾಡುವ ಇನ್ನೊಂದು ತಪ್ಪನ್ನೂ ಹೇಳಬೇಕು. ದುಃಖಕ್ಕೆ ಐದು ಹಂತಗಳಿವೆ, ಈಗ ನಿನ್ನದು ಸಿಟ್ಟಿನ ಹಂತ ಎಂದು ಗೆಳೆಯನಿಗೆ ವಿವರಿಸುವುದು. ವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಆ ಐದು ಹಂತಗಳನ್ನು ವಿವರಿಸಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳೊಂದಿಗೆ ಮಾತನಾಡಿ. ಅವರನ್ನು ಕಳೆದುಕೊಂಡ ಮನೆಯವರ ಮನಸ್ಸು ಆ ಕ್ರಮದಲ್ಲಿಯೇ ನಡೆಯಬೇಕೆಂಬುದೇನಿಲ್ಲ. ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ಹೇಳಿದ್ದು ನಾವು ಕಾಣುವುದಕ್ಕೆ ಹೆಚ್ಚು ಹತ್ತಿರವಾಗಿದೆ: ದುಃಖದಲ್ಲಿರುವವರು ಒಂದು ಗಳಿಗೆ ಕಳೆದುಕೊಂಡವರ ಕಡೆಗೂ, ಮರುಗಳಿಗೆ ಬದುಕಿನ ಕೆಲಸಗಳ ಕಡೆಗೂ ತೂಗಾಡುತ್ತಿರುತ್ತಾರೆ. ಹೀಗಾಗಿ ಅಳುತ್ತಿದ್ದ ಗೆಳೆಯ ನಡುವೆ ‘ಭತ್ತ ಕೊಯ್ಯೋ ಮಷಿನ್ ಈ ಸಲ ಭಾಳ ತುಟ್ಟಿ’ ಎಂದೋ, ಅಪ್ಪನ ಹಳೆಯ ಮಾತೊಂದನ್ನು ನೆನೆದು ನಕ್ಕೋ ಬಿಟ್ಟರೆ ಗಾಬರಿಯಾಗಬೇಡಿ, ಅವನನ್ನು ಮತ್ತೆ ದುಃಖದ ಕಡೆಗೆ ಎಳೆಯಬೇಡಿ. ಮಷಿನ್ ವಿಷಯ ತೆಗೆದರೆ ಮಷಿನ್ ಬಗ್ಗೆಯೇ ಮಾತನಾಡಿ.

ನೆರವು ಮತ್ತು ಕರೆಯ ಮುಕ್ತಾಯ

‘ಏನಾದ್ರೂ ಬೇಕಾದ್ರ ಹೇಳು’ ಎಂಬುದು ಒಳ್ಳೆಯ ಮನಸ್ಸಿನ ಮಾತೇ, ಆದರೆ ಏನು ಬೇಕೆಂದು ಯೋಚಿಸುವ ಕೆಲಸವನ್ನು ಅದು ಅವನ ತಲೆಯ ಮೇಲೆ ಹಾಕುತ್ತದೆ, ಹಾಗೆ ಕೇಳಿದಾಗ ಯಾರೂ ಏನನ್ನೂ ಹೇಳುವುದಿಲ್ಲ. ನೀವು ಮಾಡಬಲ್ಲ ಒಂದೇ ಒಂದು ಕೆಲಸವನ್ನು ಹೆಸರಿಸಿ ಹೇಳಿ. ನಮ್ಮ ಸಂದರ್ಭದಲ್ಲಿ: ‘ಸಾಲಿ ಗೆಳೆಯರಿಗೆಲ್ಲ ನಾನ ಸುದ್ದಿ ಮುಟ್ಟಸ್ತೀನಿ, ನೀ ಯಾರಿಗೂ ಮಾಡಬ್ಯಾಡ’ ಎನ್ನಬಹುದು. ಹಣದ ಅಡಚಣೆ ಇರಬಹುದೆಂದು ಗೊತ್ತಿದ್ದರೆ ಫೋನಿನಲ್ಲಿ ಕೇಳದೆ, ನಿಮ್ಮಿಬ್ಬರ ನಡುವಿನ ಸಲಿಗೆಗೆ ತಕ್ಕಂತೆ ತಮ್ಮನ ಮೂಲಕವೋ ಮಾವನ ಮೂಲಕವೋ ತಲುಪಿಸುವುದು ಅವನ ಮರ್ಯಾದೆಗೆ ಒಳ್ಳೆಯದು. ಕಾಗದಪತ್ರಗಳ ಮಾತು ಮೊದಲ ಕರೆಯಲ್ಲಿ ಬೇಡ. ಸಾವಿನ ನೋಂದಣಿಯನ್ನು 21 ದಿನಗಳೊಳಗೆ ಮಾಡಿಸಿದರೆ ತಡವಾದುದರ ಶುಲ್ಕ ಬೀಳುವುದಿಲ್ಲ, ಹೀಗಾಗಿ ವಾರ ಹತ್ತು ದಿನ ಬಿಟ್ಟು ಮಾಡುವ ಎರಡನೆಯ ಕರೆಯಲ್ಲಿ ಕೇಳಿದರೂ ಹೊತ್ತು ಮೀರಿರುವುದಿಲ್ಲ. ಜಮೀನಿನ ಖಾತೆ ಬದಲಾವಣೆಗೂ ಬ್ಯಾಂಕಿಗೂ ವಿಮೆಗೂ ಮುಂದೆ ಅದೇ ಮರಣ ಪ್ರಮಾಣಪತ್ರ ಬೇಕಾಗುತ್ತದೆ.

ಮೊದಲ ಕರೆ ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿದರೆ ಚೆನ್ನ, ಅವನೇ ಮಾತು ಮುಂದುವರಿಸಿದರೆ ಮಾತ್ರ ಹೆಚ್ಚು. ಹಿಂದಿನಿಂದ ಯಾರೋ ಕರೆಯುವ ದನಿ, ಅವನ ಉತ್ತರಗಳು ‘ಹೂಂ’, ‘ಹೌದು’ ಎಂಬಷ್ಟಕ್ಕೆ ಇಳಿಯುವುದು, ಅವನೇ ‘ನೀ ಉಂಡಿ?’ ಎಂದು ನಿಮ್ಮನ್ನು ವಿಚಾರಿಸತೊಡಗುವುದು ಇವು ಮುಗಿಸುವ ಹೊತ್ತಾಯಿತೆಂಬ ಗುರುತುಗಳು. ಫೋನ್ ಇಡುವ ಕೆಲಸ ನಿಮ್ಮದು. ದುಃಖದಲ್ಲಿರುವವನಿಗೆ ‘ಇಡ್ತೀನಿ’ ಎನ್ನಲು ಸಂಕೋಚವಾಗುತ್ತದೆ. ಸಾವಿನ ಮನೆಯಿಂದ ಏಳುವಾಗ ‘ಹೋಗಿ ಬರ್ತೀವಿ’ ಎನ್ನದೆ ಸುಮ್ಮನೆ ಎದ್ದು ಬರುವ ರೂಢಿ ನಮ್ಮಲ್ಲಿದೆ, ಆದರೆ ಫೋನಿನಲ್ಲಿ ಏನನ್ನಾದರೂ ಹೇಳಿಯೇ ಮುಗಿಸಬೇಕಾಗುತ್ತದೆ. ಆಗ ಮುಂದಿನ ಕರೆಯ ದಿನವನ್ನು ಹೇಳಿ ಮುಗಿಸಿ: ‘ಈಗ ಇಡ್ತೀನಿ ದೋಸ್ತ. ಗುರುವಾರ ಸಂಜಿಮುಂದ ಮತ್ತ ಮಾಡ್ತೀನಿ. ಎತ್ತಾಕ ಆಗದಿದ್ರೂ ನಡೀತದ.’ ಗುರುವಾರ ಎಂದಮೇಲೆ ಗುರುವಾರವೇ ಮಾಡಬೇಕು.

ದಿನ ಮುಗಿದ ಮೇಲಿನ ಕರೆಗಳು

ಕೆಲವು ಮನೆಗಳಲ್ಲಿ ಮೂರನೆಯ ದಿನಕ್ಕೆ, ಕೆಲವು ಮನೆಗಳಲ್ಲಿ ಹನ್ನೊಂದಕ್ಕೋ ಹದಿಮೂರಕ್ಕೋ ಕಾರ್ಯಗಳು ಮುಗಿಯುತ್ತವೆ. ಮುಸ್ಲಿಮರಲ್ಲಿ ನಲವತ್ತನೆಯ ದಿನವನ್ನು ನೆನೆಯುವ ಮನೆಗಳಿವೆ. ಅಲ್ಲಿಯವರೆಗೆ ಮನೆ ತುಂಬ ಜನ. ಅತ್ತೆ, ಚಿಗವ್ವ, ಅಕ್ಕಂದಿರು ತಮ್ಮ ತಮ್ಮ ಊರಿಗೆ ಹೊರಟ ಮರುವಾರವೇ ಮನೆ ಖಾಲಿಯಾಗುತ್ತದೆ, ಫೋನುಗಳೂ ನಿಂತುಹೋಗುತ್ತವೆ. ಮೊದಲ ದಿನದ ಕರೆ ತಪ್ಪಿದರೂ ಚಿಂತೆಯಿಲ್ಲ, ಈ ವಾರದ ಕರೆಯನ್ನು ತಪ್ಪಿಸಬೇಡಿ. ಈ ಕರೆಯಲ್ಲಿ ಸಾವಿನ ಕಥನ ಬೇಕಿಲ್ಲ. ‘ರಾತ್ರಿ ನಿದ್ದಿ ಬರ್ತದೇನು?’, ‘ಅವ್ವ ಉಣ್ಣಾಕತ್ತಾರೇನು?’ ಎಂಬ ಉತ್ತರವಿರುವ ಸಣ್ಣ ಪ್ರಶ್ನೆಗಳು, ಮತ್ತು ಕಾಕಾ ಬಗ್ಗೆ ನಿಮ್ಮ ಒಂದು ನೆನಪು. ಆ ನೆನಪು ಅವನಿಗೆ ಗೊತ್ತಿಲ್ಲದ್ದಾದರೆ ಇನ್ನೂ ಒಳ್ಳೆಯದು: ‘ಎಸ್ಸೆಸ್ಸೆಲ್ಸಿ ಫೀಜಿಗೆ ಕಾಕಾ ನನಗ ರೊಕ್ಕ ಕೊಟ್ಟಿದ್ರು, ನಿನಗ ಹೇಳಬ್ಯಾಡ ಅಂದಿದ್ರು.’ ತಂದೆಯ ಬಗ್ಗೆ ಇನ್ನು ಹೊಸದೇನೂ ಸಿಗದೆಂದು ಕುಳಿತವನಿಗೆ ಹೊಸದೊಂದು ಸಿಗುತ್ತದೆ.

ಮುಂದಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ನವೆಂಬರಿನಲ್ಲಿ ಸಾವಾಗಿದ್ದರೆ ಮೊದಲು ಎದುರಾಗುವ ಹಬ್ಬ ಎಳ್ಳ ಅಮಾವಾಸ್ಯೆ. ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು, ಅದೇ ಹೊಲದಲ್ಲಿ ಅಪ್ಪನ ಮಣ್ಣಾಗಿದೆ, ಪ್ರತಿ ವರ್ಷ ಮುಂದೆ ನಿಂತು ಚರಗ ಚೆಲ್ಲುತ್ತಿದ್ದವರು ಅವರೇ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಬರುತ್ತದೆ, ತೇರಿಗೆ ತಪ್ಪದೆ ಹೋಗುತ್ತಿದ್ದ ಮನೆಯಾದರೆ ಆ ದಿನವೂ ಭಾರವಾಗಿಯೇ ಇರುತ್ತದೆ. ಇಂಥ ದಿನಗಳಲ್ಲಿ ಹಬ್ಬದ ಶುಭಾಶಯ ಕಳಿಸದೆ, ಹಿಂದಿನ ಸಂಜೆ ಫೋನ್ ಮಾಡಿ ‘ನಾಳೆ ಎಳ್ಳ ಅಮಾಸಿ. ಕಾಕಾ ನೆನಪಾದ್ರು’ ಎಂದಷ್ಟೇ ಹೇಳಿ.

ಈ ಕರೆಗಳಲ್ಲಿ ಗಮನಿಸಬೇಕಾದದ್ದು ಒಂದಿದೆ. ಅಳುವುದು, ನಿದ್ರೆ ಕೆಡುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಇವೆಲ್ಲ ಸಹಜ, ತಿಂಗಳುಗಳ ಕಾಲ ಇರಬಹುದು. ಆದರೆ ಆರು ತಿಂಗಳು ಕಳೆದರೂ ಹಂಬಲ ಮೊದಲ ವಾರದಷ್ಟೇ ತೀವ್ರವಾಗಿದ್ದು, ಹೊಲ ಮನೆ ಮಕ್ಕಳ ಕಡೆಗೆ ಅವನು ತಿರುಗಿಯೇ ನೋಡದಿದ್ದರೆ ಅದಕ್ಕೆ ವೈದ್ಯರ ನೆರವು ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ದೀರ್ಘಕಾಲದ ದುಃಖವನ್ನು ಗುರುತಿಸಲು ಇಟ್ಟಿರುವ ಕನಿಷ್ಠ ಅವಧಿಯೂ ಆರು ತಿಂಗಳೇ. ‘ನಾನೂ ಅಪ್ಪನ ಹಿಂದ ಹೋಗಿಬಿಡ್ತೀನಿ’ ಎಂಬ ಮಾತು ಬಂದರೆ ಮಾತ್ರ ಆರು ತಿಂಗಳು ಕಾಯುವಂತಿಲ್ಲ. ‘ಜೀವ ತಕ್ಕೊಳ್ಳೋ ವಿಚಾರ ಬರಾಕತ್ತದೇನು?’ ಎಂದು ನೇರವಾಗಿ ಕೇಳಿ; ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವ ಯೋಚನೆಯನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಫೋನ್ ಇಡದೆ ಮಾತನಾಡುತ್ತಲೇ ಇದ್ದು, ಇನ್ನೊಂದು ಫೋನಿನಿಂದ ಮನೆಯ ಒಬ್ಬರನ್ನು ಅವನ ಬಳಿಗೆ ಕಳುಹಿಸಿ. 14416 ಎಂಬುದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಶುಲ್ಕವಿಲ್ಲ, ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು. ಅವನೂ ಮಾಡಬಹುದು, ಏನು ಮಾಡಬೇಕೆಂದು ತಿಳಿಯದೆ ನೀವೂ ಮಾಡಬಹುದು.

ಇದನ್ನು ಓದುವ ಕೆಲವರಿಗೆ ಮೊದಲ ಕರೆಯೇ ತಪ್ಪಿಹೋಗಿ ತಿಂಗಳುಗಳಾಗಿರಬಹುದು, ಈಗ ಯಾವ ಮುಖ ಇಟ್ಟುಕೊಂಡು ಮಾಡಲಿ ಎನ್ನಿಸುತ್ತಿರಬಹುದು. ಆ ಕರೆಗೂ ಮೇಲಿನ ಕ್ರಮವೇ ಸಾಕು, ಮೊದಲ ವಾಕ್ಯವನ್ನು ಮಾತ್ರ ಬದಲಿಸಿಕೊಳ್ಳಿ: ‘ದೋಸ್ತ, ಕಾಕಾ ಹೋದಾಗ ನಾ ಫೋನ್ ಮಾಡಲಿಲ್ಲ. ಮಾತು ಬರಲಿಲ್ಲ ನನಗ. ಈಗ ಕೇಳ್ತೀನಿ, ಹೇಳು, ಹೆಂಗಾತು?’